ರಾತ್ರಿ ಕರೆಂಟು ಅಗ್ಗವಾದರೆ ಪಂಪು ಹಗಲೇಕೆ ಓಡಬೇಕು?

ಓದುಗರ ಪ್ರಶ್ನೆ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಿದ್ಯುತ್ ದರ ಕಡಿಮೆ ಇರುವಾಗ, ಪುರಸಭೆಯವರು ದೊಡ್ಡ ಪಂಪು ಕೂರಿಸಿ ಇಡೀ ದಿನದ ನೀರನ್ನು ಆ ಎಂಟು ಗಂಟೆಯಲ್ಲೇ ಓವರ್‌ಹೆಡ್ ಟ್ಯಾಂಕಿಗೆ ಏರಿಸಬಾರದೇಕೆ?

ಉತ್ತರ: ಅರಸೀಕೆರೆಯಿಂದ ಕಡೂರಿನವರೆಗೆ ಎಲ್ಲಿ ಹೋದರೂ ಎದುರಾಗುವ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಈ ಸಲ ಅಂಕಿ ಹಾಕಿಯೇ ತೋರಿಸುತ್ತೇನೆ.

ಹದಿನೆಂಟು ಸಾವಿರ ಜನರಿರುವ, ದಿನಕ್ಕೆ 24 ಲಕ್ಷ ಲೀಟರ್ ನೀರು ಬೇಕಾದ ಒಂದು ಊರನ್ನು ಊಹಿಸಿಕೊಳ್ಳಿ. ಅಲ್ಲಿನ 50 ಎಚ್‌ಪಿ ಪಂಪು ಗಂಟೆಗೆ ಒಂದೂವರೆ ಲಕ್ಷ ಲೀಟರ್ ಎತ್ತುತ್ತದೆ. ಅಂದರೆ ದಿನಕ್ಕೆ 16 ಗಂಟೆ ಓಡಬೇಕು. ಸಂಪಿನಿಂದ ಟ್ಯಾಂಕಿಗೆ ಇರುವ ನಿಜವಾದ ಎತ್ತರ 45 ಮೀಟರ್. ಏರುಕೊಳವೆಯೊಳಗಿನ ಘರ್ಷಣೆಯನ್ನು ಗೆಲ್ಲಲು ಇನ್ನೂ 15 ಮೀಟರಿನಷ್ಟು ಒತ್ತಡ ಬೇಕಾಗುವುದರಿಂದ, ಪಂಪಿನ ಪಾಲಿಗೆ ಒಟ್ಟು 60 ಮೀಟರ್. ಪಂಪು ಮತ್ತು ಮೋಟಾರು ಸೇರಿ ಶೇಕಡಾ 65ರಷ್ಟು ದಕ್ಷವಾಗಿದ್ದರೆ ಗಂಟೆಗೆ ಸುಮಾರು 38 ಯೂನಿಟ್, ದಿನಕ್ಕೆ ಸುಮಾರು 600 ಯೂನಿಟ್ ಖರ್ಚಾಗುತ್ತದೆ.

ಈಗ ದೊಡ್ಡ ಪಂಪಿನ ವಿಷಯ. ಇಮ್ಮಡಿ ನೀರು ಎತ್ತುವ ಪಂಪು ಅರ್ಧ ಹೊತ್ತು ಓಡಿದರೆ ಯೂನಿಟ್ ಅಷ್ಟೇ ಆಗುತ್ತದೆ, ದರ ಮಾತ್ರ ಇಳಿಯುತ್ತದೆ ಎಂಬುದೇ ಇಲ್ಲಿರುವ ಹಟಮಾರಿ ತಪ್ಪು ನಂಬಿಕೆ. ಕೊಳವೆ ಹಳೆಯದೇ ಆಗಿರುವಾಗ ಅದರಲ್ಲಿ ಎರಡರಷ್ಟು ನೀರು ನುಗ್ಗಿಸಿದರೆ ಘರ್ಷಣೆ ಎರಡರಷ್ಟಾಗಿ ನಿಲ್ಲುವುದಿಲ್ಲ, ಸರಿಸುಮಾರು ನಾಲ್ಕರಷ್ಟಾಗುತ್ತದೆ. 15 ಮೀಟರ್ ಇದ್ದದ್ದು 55 ಮೀಟರ್ ಆಗಿ, ಒಟ್ಟು 100 ಮೀಟರಿಗೆ ಮುಟ್ಟುತ್ತದೆ. ಆಗ 150 ಎಚ್‌ಪಿಗೂ ಮಿಗಿಲಾದ ಮೋಟಾರು ಬೇಕು; ಗಂಟೆಗೆ 126 ಯೂನಿಟ್‌ನಂತೆ ಎಂಟು ಗಂಟೆಗೆ ಸಾವಿರ ಯೂನಿಟ್ ದಾಟುತ್ತದೆ. ಮೂಲದರ ಯೂನಿಟ್‌ಗೆ 6 ರೂಪಾಯಿ, ರಾತ್ರಿ ಒಂದು ರೂಪಾಯಿ ಕಡಿಮೆ, ಸಂಜೆ ಆರರಿಂದ ಹತ್ತರವರೆಗೆ ಒಂದು ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಹಳೆಯ ಪಂಪು ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಓಡಿದರೂ ದಿನಕ್ಕೆ ಸುಮಾರು 3,700 ರೂಪಾಯಿ. ದೊಡ್ಡ ಪಂಪು ಪೂರ್ತಿ ರಾತ್ರಿ ದರದಲ್ಲೇ ಓಡಿದರೂ 5,000 ರೂಪಾಯಿ! ಇದರ ಮೇಲೆ ಮೋಟಾರು ಹಿಗ್ಗಿದಷ್ಟೂ ಹಿಗ್ಗುವ ಡಿಮ್ಯಾಂಡ್ ಶುಲ್ಕ ಬೇರೆ.

ನಂಬದಿದ್ದರೆ ಪಂಪ್‌ಹೌಸಿನಲ್ಲೇ ಪರೀಕ್ಷಿಸಬಹುದು. ಎರಡನೆಯ ಪಂಪನ್ನೂ ಅದೇ ಕೊಳವೆಗೆ ಜೋಡಿಸಿ ಓಡಿಸಿದಾಗ ಒತ್ತಡದ ಗೇಜಿನ ಮುಳ್ಳು ಮೇಲೇರುತ್ತದೆ, ನೀರಿನ ಮೀಟರು ಮಾತ್ರ ಎರಡರಷ್ಟು ತೋರಿಸುವುದಿಲ್ಲ. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಎಂದು ದಿನವೂ ಬರೆದಿಟ್ಟರೆ ಇನ್ನೂ ಸ್ಪಷ್ಟ: ನಮ್ಮ ಊರಿನಲ್ಲಿ ಅದು ಕಾಲು ಯೂನಿಟ್, ದೊಡ್ಡ ಪಂಪಿನಲ್ಲಿ 0.42.

ಹಾಗಾದರೆ ಇರುವ ಪಂಪಿನಿಂದಲೇ ಏನು ಉಳಿಸಬಹುದು? ಅದನ್ನು ತೀರ್ಮಾನಿಸುವುದು ಟ್ಯಾಂಕಿನ ಹೊಟ್ಟೆ. ಟ್ಯಾಂಕು ಹತ್ತು ಲಕ್ಷ ಲೀಟರಿನದಾಗಿದ್ದು, ತಳದಲ್ಲಿ ಒಂದು ಲಕ್ಷ ಬಿಡಬೇಕೆಂದರೆ, ನೀರು ಬಿಡದ ರಾತ್ರಿಯ ಹೊತ್ತಿನಲ್ಲಿ ಆರು ಗಂಟೆಗೆ ತುಂಬಿಹೋಗುತ್ತದೆ. ಮುಂದಿನದು ಓವರ್‌ಫ್ಲೋ ಪೈಪಿನಿಂದ ಚರಂಡಿಗೆ. ಆದ್ದರಿಂದ ರಾತ್ರಿ ಹತ್ತರಿಂದ ನಾಲ್ಕರವರೆಗೆ ಓಡಿಸಿ ನಿಲ್ಲಿಸಬೇಕು. ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ಆರರಿಂದ ಒಂಬತ್ತರವರೆಗೆ ನೀರಗಂಟಿ ಬೀದಿಗಳಿಗೆ 13 ಲಕ್ಷ ಬಿಟ್ಟಾಗ, ಪಂಪು ಓಡುತ್ತಲೇ ಇದ್ದರೂ ಟ್ಯಾಂಕು ಒಂದೂವರೆ ಲಕ್ಷಕ್ಕೆ ಇಳಿಯುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಒಂಬತ್ತು ಲಕ್ಷಕ್ಕೆ ಏರಿದಾಗ ನಿಲ್ಲಿಸಿ, ಸಂಜೆಯ ಸರದಿಯ 11 ಲಕ್ಷ ಬಿಡುವ ನಾಲ್ಕರಿಂದ ಆರರವರೆಗೆ ಮತ್ತೆ ಓಡಿಸಿದರೆ, ಆರಕ್ಕೆ ಸರಿಯಾಗಿ ಒಂದು ಲಕ್ಷ ಉಳಿಯುತ್ತದೆ. ಒಟ್ಟು ಹದಿನಾರು ಗಂಟೆಯೇ. ಆದರೆ ದುಬಾರಿ ಸಂಜೆಯಲ್ಲಿ ಒಂದು ನಿಮಿಷವೂ ಇಲ್ಲ. ದಿನಕ್ಕೆ 300 ರೂಪಾಯಿ, ತಿಂಗಳಿಗೆ ಒಂಬತ್ತು ಸಾವಿರ ಉಳಿತಾಯ.

ಹೊತ್ತಿನ ಲೆಕ್ಕದ ಮೀಟರು ಮತ್ತು ದರ ನಿಮ್ಮ ಸ್ಥಾವರಕ್ಕೆ ಅನ್ವಯಿಸಿದ್ದರೆ ಮಾತ್ರ ಇದು ಫಲಿಸುತ್ತದೆ. ಹಾಸನದವರು ಸೆಸ್ಕ್ ಬಿಲ್ಲಿನಲ್ಲಿ, ಚಿಕ್ಕಮಗಳೂರಿನವರು ಮೆಸ್ಕಾಂ ಬಿಲ್ಲಿನಲ್ಲಿ ಹೊತ್ತುವಾರು ಯೂನಿಟ್ ಬೇರೆ ಬೇರೆ ನಮೂದಾಗಿದೆಯೇ ಎಂದು ಮೊದಲು ನೋಡಬೇಕು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದಲ್ಲಿ ಹೊತ್ತುಗಳು ಬದಲಾದರೆ ವೇಳಾಪಟ್ಟಿಯನ್ನೂ ಹೊಸದಾಗಿ ಹಾಕಬೇಕು.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ. ಆರು ಗಂಟೆ ಸಾಕಾಗುವುದಾದರೆ ರಾತ್ರಿ ಹನ್ನೆರಡಕ್ಕೆ ಯಾಕೆ ಶುರು ಮಾಡಬಾರದು? ಮಾಡಬಹುದು, ದರವೂ ಅದೇ. ಆದರೆ ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದು ಎರಡು ಗಂಟೆ ಕರೆಂಟು ಹೋದರೆ ಮೂರು ಲಕ್ಷ ಲೀಟರ್ ಕಡಿಮೆಯಾಗುತ್ತದೆ. ಒಂಬತ್ತು ಗಂಟೆಗೆ ಒಂದೂವರೆ ಲಕ್ಷಕ್ಕಿಳಿಯುವ ಟ್ಯಾಂಕು ಅದಕ್ಕೂ ಮುಂಚೆಯೇ ಬರಿದಾಗಿ, ದಿಬ್ಬದ ಮೇಲಿನ ಬೀದಿಯ ನಲ್ಲಿಗಳು ಮೊದಲು ಒಣಗುತ್ತವೆ. ಹತ್ತಕ್ಕೇ ಶುರು ಮಾಡಿದವರಿಗೆ ನಾಲ್ಕರಿಂದ ಆರರವರೆಗಿನ ಎರಡು ಗಂಟೆ, ಅದೇ ಅಗ್ಗದ ದರದಲ್ಲಿ, ಕೈಯಲ್ಲಿ ಉಳಿದಿರುತ್ತದೆ.