20 ದಿನಕ್ಕೆ ಒಳಗೆ, 10 ದಿನಕ್ಕೆ ಹೊರಗೆ

ಡಾಂಚಿಯನ್ ಚಾನೆಲ್ ಅಂದರೆ ಚಾರ್ಟ್‌ನಲ್ಲಿ ಕಳೆದ ಕೆಲವು ದಿನಗಳ ಗರಿಷ್ಠ ಬೆಲೆಗೊಂದು, ಕನಿಷ್ಠ ಬೆಲೆಗೊಂದು ಎಳೆದ ಗೆರೆ. ಅದರ ಹೆಸರು ಹೇಳಿದ ಕೂಡಲೇ ನನ್ನ ಹತ್ತಿರ ಬರುವವರು ಮೇಲಿನ ಗೆರೆಯನ್ನೇ ನೋಡುತ್ತಾರೆ. ಕಳೆದ 20 ದಿನದ ಗರಿಷ್ಠ ಬೆಲೆ ದಾಟಿತಾ, ಕೊಂಡುಬಿಡೋಣ ಅಂತ. ಯಾವಾಗ ಹೊರಗೆ ಬರ್ತೀರಿ ಅಂತ ಕೇಳಿದರೆ ಉತ್ತರ ತಡವರಿಸುತ್ತದೆ.

ಷಿಕಾಗೋದ ಫ್ಯೂಚರ್ಸ್ ವ್ಯಾಪಾರಿ ರಿಚರ್ಡ್ ಡೆನಿಸ್ 1983ರಲ್ಲಿ ಆರಿಸಿಕೊಂಡ 'ಟರ್ಟಲ್' ಶಿಷ್ಯರಿಗೆ ಎರಡೂ ಕಡೆ ನಿಯಮ ಇತ್ತು. 20 ದಿನದ ಗರಿಷ್ಠ ದಾಟಿದರೆ ಒಳಗೆ, 10 ದಿನದ ಕನಿಷ್ಠ ಮುರಿದರೆ ಹೊರಗೆ. ಈ ಲೆಕ್ಕಕ್ಕೆ ಇವತ್ತಿನ ದಿನವನ್ನು ಸೇರಿಸಬಾರದು. ಸೇರಿಸಿದರೆ ಗೆರೆಯೂ ಬೆಲೆಯ ಜೊತೆಗೇ ಏರುತ್ತದೆ, ದಾಟುವ ಮಾತೇ ಇಲ್ಲ.

ಒಂದು ಊಹೆಯ ಲೆಕ್ಕ ಹಾಕೋಣ. ಖಾತೆಯಲ್ಲಿ 10 ಲಕ್ಷ ಇದೆ. ಗೋಲ್ಡ್ ಮಿನಿ ಫ್ಯೂಚರ್ಸ್‌ನ ಒಂದು ಲಾಟ್ ಅಂದರೆ 100 ಗ್ರಾಂ ಚಿನ್ನ, ಬೆಲೆ ಹೇಳುವುದು 10 ಗ್ರಾಂಗೆ. ಅಂದರೆ ಬೆಲೆ 1 ರೂಪಾಯಿ ಅಲುಗಿದರೆ ಒಂದು ಲಾಟ್‌ಗೆ 10 ರೂಪಾಯಿ. ಬೆಲೆ ದಿನಕ್ಕೆ ಸರಾಸರಿ 500 ರೂಪಾಯಿ ಓಲಾಡುತ್ತಿದೆ ಅಂದುಕೊಳ್ಳಿ. ಟರ್ಟಲ್‌ಗಳು ಇದನ್ನು `N` ಅನ್ನುತ್ತಿದ್ದರು. ಒಂದು `N` ಅಲುಗಿದರೆ ಖಾತೆಯ ಶೇ. 1 ಮಾತ್ರ ಹೋಗಬೇಕು. ಅದು 10,000. ಒಂದು ಲಾಟ್‌ಗೆ 5,000 ಆದ್ದರಿಂದ ಎರಡು ಲಾಟ್.

60,000ಕ್ಕೆ ಕೊಂಡಿರಿ. ನಷ್ಟ ಬೆಳೆಯದಂತೆ ಮಾರಿಬಿಡುವ ಬೆಲೆ, ಅಂದರೆ ಸ್ಟಾಪ್, ಎರಡು `N` ಕೆಳಗೆ, 59,000ದಲ್ಲಿ. ಅದು ಬಿದ್ದರೆ 20,000 ನಷ್ಟ. ಬೆಳಿಗ್ಗೆ ಬೆಲೆ ಅದಕ್ಕೂ ಕೆಳಗೇ ತೆರೆದುಕೊಂಡರೆ ಇನ್ನೂ ಜಾಸ್ತಿ.

ಈಗ ಬೆಲೆ 64,000 ಮುಟ್ಟಿತು. ಪರದೆಯ ಮೇಲೆ 80,000 ಲಾಭ ಕಾಣುತ್ತಿದೆ. 10 ದಿನದ ಕನಿಷ್ಠ ಇರುವುದು 62,400ರಲ್ಲಿ. ನಿಯಮದ ಪ್ರಕಾರ ಅಲ್ಲಿವರೆಗೂ ಕೂರಬೇಕು. ಬೆಲೆ ತಿರುಗಿ ಅಲ್ಲಿಗೇ ಇಳಿದರೆ ಕೈಗೆ ಬರುವುದು 48,000. ಕಣ್ಣೆದುರೇ 32,000 ಕರಗುತ್ತದೆ. ಎಷ್ಟೋ ಜನ 63,500ರಲ್ಲಿ ಸಾಕು ಅಂತ ಮಾರಿಬಿಡುವುದು ಇದಕ್ಕೇ. ಆದರೆ ಈ ಪದ್ಧತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಟ್ರೇಡ್‌ಗಳು ಸಣ್ಣ ನಷ್ಟದಲ್ಲೇ ಮುಗಿಯುವುದು ಸಾಮಾನ್ಯ. ಅವನ್ನೆಲ್ಲ ತುಂಬಿಕೊಡುವುದು ವರ್ಷಕ್ಕೆ ಒಂದೋ ಎರಡೋ ದೊಡ್ಡ ಓಟ. ಬೇಗ ಮಾರಿದವರು ಕತ್ತರಿಸಿ ಹಾಕುವುದು ಆ ಓಟವನ್ನೇ. ನಷ್ಟಗಳು ಮಾತ್ರ ಪೂರ್ತಿ ಉಳಿಯುತ್ತವೆ.

ಬೆಲೆ ತಿಂಗಳುಗಟ್ಟಲೆ ಒಂದೇ ಪಟ್ಟಿಯಲ್ಲಿ ಓಡಾಡಿದರೆ ಗೆರೆ ದಾಟಿ ದಾಟಿ ವಾಪಸ್ ಬರುತ್ತದೆ. ಆಗ ನಷ್ಟ ಸಾಲಾಗಿ ಬರುತ್ತದೆ, ಅದಕ್ಕೆ ಮದ್ದಿಲ್ಲ.

ಮದ್ದಿರುವ ತೊಂದರೆ ಇನ್ನೊಂದಿದೆ. ಫ್ಯೂಚರ್ಸ್ ತಿಂಗಳು ಬದಲಾದಾಗ ಹೊಸ ಕಾಂಟ್ರಾಕ್ಟ್ 400 ರೂಪಾಯಿ ಮೇಲಿದ್ದರೆ, ಎರಡನ್ನೂ ಸುಮ್ನೆ ಅಂಟಿಸಿದ ಚಾರ್ಟ್‌ನಲ್ಲಿ ಆ ದಿನ ಗೆರೆ ದಾಟಿದಂತೆ ಕಾಣಬಹುದು. ಚಿನ್ನ ಅಲುಗಿಯೇ ಇರುವುದಿಲ್ಲ. ಹಾಗಾಗಿ ನಾನು ಕೊಳ್ಳುವ ಕಾಂಟ್ರಾಕ್ಟ್‌ನದೇ ಹಿಂದಿನ 20 ದಿನದ ಬೆಲೆ ತೆಗೆದು ಗೆರೆ ಎಳೆಯುತ್ತೇನೆ.