ಗ್ಯಾಲ್ವನಿಕ್ ಕೊರೋಷನ್: ಬೋಲ್ಟ್ ಕಚ್ಚುವುದು ತುಕ್ಕಿನಿಂದಲ್ಲ

ಅಲ್ಯೂಮಿನಿಯಂ ಕೇಸಿಂಗ್‌ನಲ್ಲಿ ಉಕ್ಕಿನ ಬೋಲ್ಟ್ ಕಚ್ಚಿಕೊಂಡಿತೆಂದರೆ ಎಲ್ಲರದ್ದೂ ಒಂದೇ ತೀರ್ಪು: 'ತುಕ್ಕು ಹಿಡಿದಿದೆ'. ತುಕ್ಕು ಕಬ್ಬಿಣದ್ದು, ಕೆಂಪಗಿರುತ್ತದೆ. ಈ ಬೋಲ್ಟಿನ ತಲೆಯ ಸುತ್ತ ಇರುವುದು ಬಿಳಿ ಪುಡಿ. ಎಷ್ಟೋ ಸಲ ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಅಲುಗಾಡುವುದಿಲ್ಲ ಅಷ್ಟೇ. ಕೆಟ್ಟಿರುವುದು ಅದಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳು ಒದ್ದೆಯಲ್ಲಿ ತಗುಲಿರುವಾಗ ಒಂದು ಹೀಗೆ ಕೆಡುವುದಕ್ಕೆ ಗ್ಯಾಲ್ವನಿಕ್ ಕೊರೋಷನ್ ಎನ್ನುತ್ತಾರೆ.

ಈ ಹೆಸರು ಬಂದದ್ದು ಇಟಲಿಯ ವೈದ್ಯ ಲುಯಿಜಿ ಗ್ಯಾಲ್ವನಿಯಿಂದ. ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿದ ಕಪ್ಪೆಯ ಕಾಲು ಕಬ್ಬಿಣಕ್ಕೆ ತಗುಲಿದಾಗ ಅದುರುವುದನ್ನು ಕಂಡು, ವಿದ್ಯುತ್ತು ಪ್ರಾಣಿಯ ಮೈಯಲ್ಲೇ ಇದೆ ಎಂದು 1791ರಲ್ಲಿ ಅವನು ಪ್ರಕಟಿಸಿದ. ಅದೇ ದೇಶದ ವಿಜ್ಞಾನಿ ವೋಲ್ಟಾ ಒಪ್ಪಲಿಲ್ಲ. ಎರಡು ಬೇರೆ ಲೋಹಗಳು, ನಡುವೆ ಒದ್ದೆ, ಅಷ್ಟಿದ್ದರೆ ಸಾಕು, ಕಪ್ಪೆ ಬೇಕಿಲ್ಲ ಎಂದು ವಾದಿಸಿ, 1800ರಲ್ಲಿ ಬ್ಯಾಟರಿಯನ್ನೇ ಕಟ್ಟಿ ತೋರಿಸಿದ. ವಾದದಲ್ಲಿ ಗೆದ್ದವನು ವೋಲ್ಟಾ, ಹೆಸರು ಉಳಿದದ್ದು ಗ್ಯಾಲ್ವನಿಯದ್ದು. ಗ್ಯಾಲ್ವನೈಸ್ಡ್ ತಗಡಿನಲ್ಲಿರುವುದೂ ಅದೇ ಹೆಸರು. ಆದರೆ ಅಲ್ಲಿ ಸತುವನ್ನು ಬಲಿಕೊಟ್ಟು ಕಬ್ಬಿಣವನ್ನು ಉಳಿಸುತ್ತಾರೆ. 'ಗ್ಯಾಲ್ವನಿಕ್' ಎಂದರೆ 'ತುಕ್ಕು ಹಿಡಿಯದ' ಎಂದು ತಿಳಿದವರ ಗೊಂದಲಕ್ಕೆ ಮೂಲ ಇದೇ.

ಬೋಲ್ಟ್ ಕೂತ ರಂಧ್ರವೂ ಅಂಥದೇ ಬ್ಯಾಟರಿ. ಉಕ್ಕು ಒಂದು ಧ್ರುವ, ಅಲ್ಯೂಮಿನಿಯಂ ಇನ್ನೊಂದು, ಥ್ರೆಡ್‌ಗಳ ಸಂದಿಗೆ ಇಳಿದ ಉಪ್ಪುನೀರು ಅಥವಾ ಕೊಳೆನೀರು ನಡುವಿನ ಒದ್ದೆ. ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುವುದು ಅಲ್ಯೂಮಿನಿಯಂ. ಕರಗಿದ್ದು ಆಕ್ಸೈಡ್, ಹೈಡ್ರಾಕ್ಸೈಡ್ ಆಗಿ ಅಲ್ಲೇ ಕೂರುತ್ತದೆ. ಹೊಸ ಪದಾರ್ಥಕ್ಕೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಸಂದಿಯಲ್ಲಿ ಜಾಗವಿಲ್ಲ. ಬೋಲ್ಟ್ ಬಿಗಿಯುವುದು ಹೀಗೆ. ಸತು ಲೇಪಿಸಿದ ಬೋಲ್ಟ್ ಆದರೆ ಮೊದಲು ಸತು ಹೋಗುತ್ತದೆ, ಅದು ಮುಗಿದ ಮೇಲೆ ಅಲ್ಯೂಮಿನಿಯಂ ಸರದಿ. 'ಸ್ಟೇನ್‌ಲೆಸ್ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ' ಎನ್ನುವವರಿಗೆ ಒಂದು ಮಾತು: ಸ್ಟೇನ್‌ಲೆಸ್ ತಾನು ಕೆಡುವುದಿಲ್ಲ, ಪಕ್ಕದ ಅಲ್ಯೂಮಿನಿಯಂ ಪಾಲಿಗೆ ಅದೂ ಕೆಟ್ಟ ನೆರೆಯೇ.

ಇದು ಗೊತ್ತಿದ್ದರೆ ಬಿಚ್ಚುವ ಕ್ರಮವೇ ಬದಲಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಈ ಬಿಳಿ ಪುಡಿಯನ್ನು ಕರಗಿಸುವುದಿಲ್ಲ. ಸಂದಿಗೆ ಇಳಿದು ಜಾರುವಂತೆ ಮಾಡುತ್ತದೆ, ಅದೂ ಇಳಿಯಲು ದಾರಿ ಸಿಕ್ಕರೆ. ಹೆಚ್ಚು ಕೆಲಸಕ್ಕೆ ಬರುವುದು ಶಾಖ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 8 ಮಿ.ಮೀ. ಬೋಲ್ಟ್ ಇರುವ ಜಾಗವನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಿಸಿದರೆ ರಂಧ್ರ ಬೋಲ್ಟಿಗಿಂತ ಸುಮಾರು 9 ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ತಾನೂ ಹೆಚ್ಚು ಹಿಗ್ಗುವುದರಿಂದ ಅಲ್ಲಿ 5ರ ಆಸುಪಾಸು. ಕೂದಲೆಳೆಗಿಂತ ಕಡಿಮೆಯಾದರೂ ಹಿಡಿತ ಬಿಡಿಸಲು ಅನೇಕ ಸಲ ಇಷ್ಟು ಸಾಕು. ಹೀಟ್ ಗನ್ ಹಿಡಿಯಬೇಕಾದದ್ದು ಬೋಲ್ಟಿನ ತಲೆಗಲ್ಲ, ಸುತ್ತಲಿನ ಲೋಹಕ್ಕೆ. ಬೆಂಕಿಯ ಜ್ವಾಲೆ ಬೇಡ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸದೆ ಕರಗಿಬಿಡುತ್ತದೆ, ಅದಕ್ಕೂ ಬಹಳ ಮೊದಲೇ ತನ್ನ ಗಡಸುತನ ಕಳೆದುಕೊಳ್ಳುತ್ತದೆ. ಎಣ್ಣೆ ಹಾಕಿದ್ದರೆ ಶಾಖ ಕೊಡುವ ಮೊದಲು ಒರೆಸಿ, ಅದು ಹೊತ್ತಿಕೊಳ್ಳುತ್ತದೆ.

ಬಿಸಿಯಿರುವಾಗಲೇ ಬೋಲ್ಟಿನ ತಲೆಗೆ ನೇರವಾಗಿ ನಾಲ್ಕು ಚಿಕ್ಕ ಪೆಟ್ಟು ಕೊಟ್ಟರೆ ಒಣ ಪುಡಿ ಬಿರುಕು ಬಿಡುತ್ತದೆ. ಆಮೇಲೆ ಮೊದಲು ಕೂದಲಷ್ಟು ಬಿಗಿಯುವ ಕಡೆಗೆ, ನಂತರ ಬಿಚ್ಚುವ ಕಡೆಗೆ. 'ಟಕ್' ಎಂದು ಬಿಟ್ಟುಕೊಟ್ಟರೆ ಸರಿಯಾದ ದಾರಿಯಲ್ಲಿದ್ದೀರಿ. ಸ್ಪ್ಯಾನರ್ ತಿರುಗುತ್ತಿದ್ದು, ಕೈ ಸಡಿಲಿಸಿದೊಡನೆ ಸ್ಪ್ರಿಂಗಿನಂತೆ ಹಿಂದಕ್ಕೆ ಬಂದರೆ ನಿಲ್ಲಿಸಿ: ತಿರುಚುತ್ತಿರುವುದು ಬೋಲ್ಟಿನ ಕಾಂಡ, ಥ್ರೆಡ್ ಕದಲಿಲ್ಲ. ಮತ್ತೆ ಶಾಖ, ಮತ್ತೆ ಪೆಟ್ಟು. ಕದಲಿದ ಮೇಲೂ ಒಂದೇ ಬಿರುಸಿಗೆ ತಿರುಗಿಸಬೇಡಿ. ಕಾಲು ಸುತ್ತು ಹೊರಗೆ, ಸ್ವಲ್ಪ ಒಳಗೆ, ತಣ್ಣಗಾಗಿದ್ದರೆ ಎಣ್ಣೆ. ಪುಡಿ ಮುಂದೆ ಒತ್ತರಿಸಿಕೊಂಡರೆ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಸುರುಳಿಯಾಗಿ ಬೋಲ್ಟಿನೊಂದಿಗೇ ಹೊರಬರುತ್ತದೆ.

ಬೋಲ್ಟ್ ಮುರಿದರೆ ಡ್ರಿಲ್ ಹಿಡಿಯಲು ಆತುರ ಬೇಡ. ಮೊನೆ ಗಡುಸಾದ ಉಕ್ಕನ್ನು ಬಿಟ್ಟು ಪಕ್ಕದ ಮೆತ್ತನೆ ಲೋಹಕ್ಕೆ ಜಾರುತ್ತದೆ. ನಡುಬಿಂದುವಿಗೆ ಪಂಚ್ ಹೊಡೆದು ಸಣ್ಣ ಮೊನೆಯಿಂದ ಶುರುಮಾಡಬೇಕು. ಬಿಡಿಸಿ ತೆಗೆಯಬಹುದಾದ ಚಿಕ್ಕ ಭಾಗವಾದರೆ ಇನ್ನೊಂದು ಹಳೆಯ ಉಪಾಯವಿದೆ: ಕುದಿಯುವಷ್ಟು ಬಿಸಿಯಾದ ಗಾಢ ಪಟಿಕದ ನೀರಿನಲ್ಲಿ ಮುಳುಗಿಸಿಟ್ಟರೆ ಉಕ್ಕು ನಿಧಾನವಾಗಿ ಕರಗುತ್ತದೆ, ಅಲ್ಯೂಮಿನಿಯಂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಸ್ಟೇನ್‌ಲೆಸ್‌ಗೆ ಈ ಉಪಾಯ ನೆಚ್ಚಬೇಡಿ. ಕಾಸ್ಟಿಕ್ ಸೋಡಾ ಇದಕ್ಕೆ ತದ್ವಿರುದ್ಧ: ಬೋಲ್ಟನ್ನು ಬಿಟ್ಟು ಕೇಸಿಂಗನ್ನೇ ತಿನ್ನುತ್ತದೆ.

ಹೊಸ ಬೋಲ್ಟ್ ಹಾಕುವಾಗ ಥ್ರೆಡ್‌ಗೆ ಆ್ಯಂಟಿ-ಸೀಜ್ ಪೇಸ್ಟ್ ಅಥವಾ ಗ್ರೀಸ್ ಸವರಿದರೆ ನೀರಿಗೆ ಜಾಗವಿರುವುದಿಲ್ಲ. ಒಣ ಥ್ರೆಡ್‌ಗೆಂದು ಹೇಳಿದ ಟಾರ್ಕನ್ನೇ ಹೀಗೆ ಜಾರುವ ಥ್ರೆಡ್‌ಗೂ ಕೊಟ್ಟರೆ ಬೋಲ್ಟ್ ಹೆಚ್ಚು ಎಳೆಯಲ್ಪಟ್ಟು ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರಬಹುದು. ಟಾರ್ಕ್ ಇಳಿಸಿಯೇ ಬಿಗಿಯಬೇಕು.