ಹುಣ್ಣಿಮೆ ಸಿಕ್ಕರೆ ಸಾಲದು, ಭದ್ರೆ ಕಳೆಯಬೇಕು

2024ರ ಹೋಳಿ ಹಬ್ಬಕ್ಕೆ ಪಂಚಾಂಗ ಕೇಳಲು ಬಂದವರದೆಲ್ಲ ಒಂದೇ ಗೊಂದಲ. ಕ್ಯಾಲೆಂಡರ್‌ನಲ್ಲಿ ಮಾರ್ಚ್ 25ಕ್ಕೆ ಹುಣ್ಣಿಮೆ ಎಂದಿದೆ, ನೀವು ನೋಡಿದರೆ 24ರ ರಾತ್ರಿ ಹನ್ನೊಂದು ದಾಟಿದ ಮೇಲೆ ಹೋಳಿಕಾ ದಹನ ಮಾಡಿ ಅನ್ನುತ್ತೀರಲ್ಲ?

ಕ್ಯಾಲೆಂಡರ್ ಹೇಳುವುದು ಸೂರ್ಯೋದಯಕ್ಕಿರುವ ತಿಥಿಯನ್ನು. ದಹನಕ್ಕೆ ನಾವು ನೋಡಬೇಕಾದ್ದು ಸೂರ್ಯಾಸ್ತದ ನಂತರದ ಪ್ರದೋಷ ಕಾಲವನ್ನು. ಆ ವರ್ಷ ಹುಣ್ಣಿಮೆ 24ರ ಬೆಳಗ್ಗೆ 9.54ಕ್ಕೆ ಹಿಡಿದು 25ರ ಮಧ್ಯಾಹ್ನ 12.29ಕ್ಕೆ ಬಿಟ್ಟಿತು. 25ರ ಸಂಜೆಗೆ ಪಾಡ್ಯ ಬಂದಾಗಿತ್ತು. ಉಳಿದದ್ದು 24ರ ಸಂಜೆಯೊಂದೇ.

ಆ ಸಂಜೆಗೆ ಭದ್ರೆ ಅಡ್ಡ ಬಂದಳು. ಭದ್ರೆ ಎಂದರೆ ವಿಷ್ಟಿ ಕರಣ. ಒಂದು ತಿಥಿಗೆ ಎರಡು ಕರಣ. ಹುಣ್ಣಿಮೆಯ ಮೊದಲರ್ಧ ಯಾವಾಗಲೂ ವಿಷ್ಟಿ, ಎರಡನೆಯರ್ಧ ಬವ. ಚಂದ್ರ ಸೂರ್ಯನಿಂದ 168 ಅಂಶ ದೂರವಾದಾಗ ಹಿಡಿದ ಭದ್ರೆ 174 ಅಂಶಕ್ಕೆ ಬಿಡುತ್ತದೆ. ಹಾಗಾಗಿ ಹುಣ್ಣಿಮೆ ಹಿಡಿಯುವ ಮತ್ತು ಬಿಡುವ ಹೊತ್ತು ಗೊತ್ತಿದ್ದರೆ ಭದ್ರೆ ಮುಗಿಯುವುದನ್ನು ನೀವೇ ಅಂದಾಜು ಮಾಡಬಹುದು. 2024ರಲ್ಲಿ ಹುಣ್ಣಿಮೆ ಇದ್ದದ್ದು 26 ಗಂಟೆ 35 ನಿಮಿಷ. ಅದರ ಅರ್ಧವನ್ನು 9.54ಕ್ಕೆ ಕೂಡಿಸಿದರೆ ರಾತ್ರಿ 11.11. ಪಂಚಾಂಗದಲ್ಲಿ ಇದ್ದದ್ದು 11.13. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ಆ ಎರಡು ನಿಮಿಷದ ವ್ಯತ್ಯಾಸ.

ಭದ್ರೆಯಲ್ಲಿ ಹೋಳಿ ಸುಡಬಾರದು ಎಂಬುದು ಧರ್ಮಶಾಸ್ತ್ರದ ಮಾತು. ಆದರೆ ಭದ್ರೆ ಕಳೆಯಲಿ ಎಂದು ಕಾಯುವುದಕ್ಕೂ ಒಂದು ಮಿತಿ ಇದೆ, ನಡುರಾತ್ರಿ. ಅದು ಗಡಿಯಾರದ ಹನ್ನೆರಡಲ್ಲ. ಸೂರ್ಯಾಸ್ತಕ್ಕೂ ಮರುದಿನದ ಸೂರ್ಯೋದಯಕ್ಕೂ ನಡುವಿನ ಹೊತ್ತು. ಬೆಂಗಳೂರಿಗೆ ಆ ದಿನ ಸುಮಾರು 12.26. ಹೀಗೆ ಒಂದೂಕಾಲು ಗಂಟೆಯಷ್ಟು ಶುದ್ಧ ಕಾಲ ಸಿಕ್ಕಿತು. ಕೆಲವರು ಮಕ್ಕಳು ನಿದ್ದೆಗೆ ಜಾರುತ್ತಾರೆಂದು ಸಂಜೆಯೇ, ಭದ್ರೆಯಲ್ಲಿ ದೋಷ ಕಡಿಮೆ ಎನ್ನುವ ಪುಚ್ಛ, ಅಂದರೆ ಬಾಲದ ಭಾಗದಲ್ಲಿ ಬೆಂಕಿ ಹಚ್ಚಿದರು. ಪುಚ್ಛ ಇರುವುದು ಬೇರೆ ದಾರಿ ಇಲ್ಲದಾಗ. ನಡುರಾತ್ರಿಯೊಳಗೆ ಭದ್ರೆ ಮುಗಿಯುವಂತಿದ್ದರೆ ಕಾಯುವುದೇ ಸರಿ ಎಂದು ನಾನು ಹೇಳುತ್ತೇನೆ.

ಹುಣ್ಣಿಮೆ ಎರಡನೆಯ ದಿನದ ಪ್ರದೋಷವನ್ನು ಮುಟ್ಟಿದರೆ ಈ ತಲೆನೋವಿಲ್ಲ, ಅಷ್ಟು ಹೊತ್ತಿಗೆ ಭದ್ರೆ ಯಾವಾಗಲೋ ಕಳೆದಿರುತ್ತದೆ.

ನಿಜಕ್ಕೂ ಕಷ್ಟವಾದದ್ದು 2026. ಹುಣ್ಣಿಮೆ ಹಿಡಿದದ್ದೇ ಮಾರ್ಚ್ 2ರ ಸಂಜೆ ಆರರ ಹೊತ್ತಿಗೆ, ಭದ್ರೆ ನಡುರಾತ್ರಿ ದಾಟಿ ಬೆಳಗಿನ ಜಾವದವರೆಗೆ. ಮಾರ್ಚ್ 3ರಂದು ಸೂರ್ಯಾಸ್ತಕ್ಕೆ ಮೊದಲೇ, 5.07ಕ್ಕೆ ಹುಣ್ಣಿಮೆ ಮುಗಿಯಿತು. ಮೇಲಾಗಿ ಆ ಸಂಜೆ 6.47ರವರೆಗೆ ಚಂದ್ರಗ್ರಹಣ. ಪಂಚಾಂಗಗಳೇ ಎರಡು ದಿನವಾಗಿ ಒಡೆದವು. ಪಾಡ್ಯದಲ್ಲಿ ಸುಡುವುದಕ್ಕಿಂತ, ಮೊದಲ ರಾತ್ರಿ ಭದ್ರೆಯಲ್ಲಿ ದೋಷ ಹೆಚ್ಚು ಎನ್ನುವ ಮುಖ ಭಾಗವನ್ನು ಬಿಟ್ಟು ಹಚ್ಚುವುದೇ ನನಗೆ ಹೆಚ್ಚು ಒಪ್ಪಿಗೆ. ಪುಚ್ಛ ಉಪಯೋಗಕ್ಕೆ ಬರುವುದು ಇಂಥ ವರ್ಷದಲ್ಲೇ.